ಪೀಠಿಕೆ ಬಿಟ್ಟುಹೋದ ಪ್ರೂಫು

ನಾನು ಕಾಸರಗೋಡಿನ ಹತ್ರ ಒಂದು ಸಣ್ಣ ಪ್ರೆಸ್ಸಿನಲ್ಲಿ ಪೇಜ್ ಕಟ್ಟೋದು, ಪ್ರೂಫ್ ನೋಡೋದು ಎರಡೂ ಮಾಡ್ತೇನೆ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಆಟದ ಹ್ಯಾಂಡ್‌ಬಿಲ್ಲು ಇದೇ ಹೆಚ್ಚು, ಕಾದಂಬರಿ ಬರೋದು ವರ್ಷಕ್ಕೆ ಒಂದೋ ಎರಡೋ. ಹಾಗೆ ಬಂದ ಒಂದರಲ್ಲಿ ನಾನು ಮಾಡಿದ ಎಡವಟ್ಟಿನ ಕತೆ ಇದು.

ಬರ್ದವರು ರಿಟೈರ್ಡ್ ಮಾಷ್ಟ್ರು. ಕತೆ ಇಬ್ಬರು ಅಣ್ಣತಮ್ಮಂದಿರದ್ದು, ಅಡಿಕೆ ತೋಟ, ಪಾಲು, ನೀರಿಲ್ಲದ ಬೇಸಿಗೆ, ಗುಡ್ಡಕ್ಕೆ ಸುರಂಗ ತೋಡೋದು. (ಘಟ್ಟದ ಮೇಲಿನವರಿಗೆ ಹೇಳ್ಬೇಕು, ಇಲ್ಲಿ ಸುರಂಗ ಅಂದ್ರೆ ಮುರಕಲ್ಲಿನ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಬಾವಿ, ಬಗ್ಗಿ ಹೋಗ್ಬೇಕು, ಒಬ್ಬ ಒಳಗೆ ಪಿಕ್ಕಾಸಿನಲ್ಲಿ ಅಗೀತಾನೆ, ಇನ್ನೊಬ್ಬ ಮಣ್ಣು ಹೊರಗೆ ಎಳೀತಾನೆ, ದೀಪ ನಂದಿದ್ರೆ ಉಸಿರಾಡುವ ಗಾಳಿ ಕಮ್ಮಿ ಆಯ್ತು ಅಂತ ಲೆಕ್ಕ.) ಹಸ್ತಪ್ರತಿಯ ಮೊದಲ ಹಾಳೆಯಲ್ಲಿ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ‘ಬೆಂಕಿ ಬಿದ್ದಿದೆ ಮನೆಗೆ’ ಅನ್ನೋ ಸಾಲು ಮಾತ್ರ. ಆಮೇಲೆ ನಾಲ್ಕು ಪುಟ, ಮೇಲೆ ‘ಪೀಠಿಕೆ’ ಅಂತ ಹೆಡ್ಡಿಂಗು. ಆಮೇಲೆ ಅಧ್ಯಾಯ ಒಂದು.

ನಮ್ಮಲ್ಲಿ ಅರ್ಪಣೆ, ಮುನ್ನುಡಿ, ಲೇಖಕರ ಮಾತು ಎಲ್ಲ ಒಂದು ಫೈಲು, ಕತೆ ಬೇರೆ ಫೈಲು. ಪೀಠಿಕೆ ಅಂತ ಕಂಡದ್ದೇ ಮೊದಲಿನ ಫೈಲಿಗೆ ಹಾಕಿದೆ. ಎರಡನೇ ಪ್ರೂಫಿಗೆ ನಮ್ಮ ಅಕ್ಕನಿಗೆ ಕತೆಯ ಫೈಲು ಮಾತ್ರ ಪ್ರಿಂಟ್ ತೆಗ್ದು ಕೊಟ್ಟೆ. ಅಂದ್ರೆ ನಾನು ಕಯ್ಯಾರರ ಸಾಲು, ಪೀಠಿಕೆ ಎಲ್ಲ ಓದಿ ಒಳಗೆ ಹೋದವ, ಅಕ್ಕ ಸೀದಾ ಒಂದನೇ ಅಧ್ಯಾಯಕ್ಕೆ ಕಾಲಿಟ್ಟವರು. ಎರಡು ಪ್ರೂಫು ಪಕ್ಕಪಕ್ಕ ಇಟ್ಟಾಗ ಇಬ್ರೂ ಬೇರೆ ಬೇರೆ ಪುಸ್ತಕ ಓದಿದ ಹಾಗಿತ್ತು ಮಾರಾಯ್ರೆ.

ಆ ನಾಲ್ಕು ಪುಟದಲ್ಲಿ ಇದ್ದದ್ದು ಇಷ್ಟು. ರಾತ್ರಿ ಮಳೆ, ಸುರಂಗದ ಬಾಯಿಯಿಂದ ಕೆಂಪು ನೀರು, ಒಬ್ಬ ದೀಪ ಹಿಡ್ಕೊಂಡು ಒಳಗೆ ಹೋಗ್ತಾನೆ, ಮಣ್ಣಿನಡಿಯಿಂದ ಒಂದು ಕೈ ಕಾಣ್ತದೆ. ಕೊನೆ ಸಾಲು: ಇದರಲ್ಲಿ ಯಾರ ಕೈವಾಡ ಅಂತ ಆ ರಾತ್ರಿ ಯಾರೂ ಕೇಳಲಿಲ್ಲ. ಸರಿ, ನಾನು ಪೊಲೀಸ್ ಆಗ್ಬಿಟ್ಟೆ. ಪಿಕ್ಕಾಸು ಅಂತ ಬಂದಲ್ಲೆಲ್ಲ ಪೆನ್ಸಿಲಿನಲ್ಲಿ ಪ್ರಶ್ನೆ ಚಿಹ್ನೆ. ಒಂದು ಕಡೆ ಅಣ್ಣ ತಮ್ಮನಿಗೆ ‘ನೀನು ಒಳಗೆ ಹೋಗು, ನಾನು ಹೊರಗಿಂದ ಎಳೀತೇನೆ’ ಅಂತಾನೆ, ಅದರಡಿಗೆ ನಾನು ಎರಡು ಗೆರೆ ಎಳೆದಿದ್ದೇನೆ. ಅಕ್ಕ ಅದೇ ಸಾಲಿನ ಪಕ್ಕ ಬರ್ದದ್ದು ‘ಅಣ್ಣನಿಗೆ ಸೊಂಟನೋವು ಅಲ್ವಾ, ಪಾಪ’ ಅಂತ. ಮೂರನೇ ಸಲ ಪಿಕ್ಕಾಸು ಬಂದಾಗ ಅವರ ಟಿಪ್ಪಣಿ ‘ಪುನಃ ಬಂತು, ತೆಗೀಬಹುದು’.

ಕತೆಯಲ್ಲಿ ಆಗೋದೆಂತ ಅಂದ್ರೆ, ಕೊನೆಕೊನೆಗೆ ಮಳೆಗೆ ಸುರಂಗದ ಮಾಡು ಕುಸಿದು ತಮ್ಮ ಸಾಯ್ತಾನೆ. ಯಾರದ್ದೂ ಕೈವಾಡ ಇಲ್ಲ. ಅಲ್ಲಿ ಅಕ್ಕನಿಗೆ ಕಣ್ಣು ತುಂಬಿ ಬಂತಂತೆ. ನನಗೆ ಬಂದದ್ದು ಸಿಟ್ಟು, ಇಷ್ಟಕ್ಕೆ ಇನ್ನೂರು ಪುಟ ಕಾದದ್ದಾ ಅಂತ. ನಿಜ ಹೇಳ್ಬೇಕಾದ್ರೆ ಕೊನೆಯ ಅಧ್ಯಾಯದಲ್ಲಿ ಹಾಳಾದದ್ದು ಏನೂ ಇರ್ಲಿಲ್ಲ, ಹಾಳು ಮಾಡಿದ್ದು ಪೀಠಿಕೆಯ ಆ ಕೊನೆಯ ಸಾಲು. ‘ಯಾರು’ ಅಂತ ಒಂದು ಪ್ರಶ್ನೆ ನೇತುಹಾಕಿದ್ರೆ ಓದುವವ ಪ್ರತಿಯೊಂದು ವಸ್ತುವನ್ನೂ ಸಾಕ್ಷಿ ಅಂತಲೇ ಎತ್ತಿ ಇಡ್ತಾನೆ, ಕೊನೆಗೆ ಯಾರೂ ಅಲ್ಲ ಅಂದ್ರೆ ಎತ್ತಿಟ್ಟದ್ದೆಲ್ಲ ದಂಡ.

ಹಾಗಾದ್ರೆ ಪೀಠಿಕೆಯೇ ಬೇಡ ಅಂತ ಹೇಳಿದೆ. ಅಕ್ಕನೇ ಒಪ್ಲಿಲ್ಲ. ಮೊದಲ ನಲ್ವತ್ತು ಪುಟ ಸರ್ವೆ ನಂಬ್ರ, ತಾಲೂಕು ಆಫೀಸು, ಅಳತೆ ಇದೇ ಆಯ್ತು, ಸಂಬಳದ ಕೆಲಸ ಅಲ್ಲದಿದ್ರೆ ಅಲ್ಲೇ ಮಡಚಿಡ್ತಿದ್ದೆ ಅಂದ್ರು. ನಾನು ಆ ನಲ್ವತ್ತು ಪುಟ ಒಂದೇ ಗುಕ್ಕಿಗೆ ಮುಗ್ಸಿದ್ದೆ, ಯಾಕಂದ್ರೆ ಆ ಕೈ ಕಣ್ಣಲ್ಲಿತ್ತು. ಅಂದ್ರೆ ನಿಧಾನದ ಭಾಗಕ್ಕೆ ಪೀಠಿಕೆ ಕೊಟ್ಟ ಸಾಲ ಕೆಲಸ ಮಾಡಿದೆ, ತೀರಿಸುವ ಹೊತ್ತಿಗೆ ಬೇರೆ ನೋಟು ಕೊಟ್ಟದ್ದು ತಪ್ಪು.

ಡೊನಾ ಟಾರ್ಟ್ ಅವರ ‘ದ ಸೀಕ್ರೆಟ್ ಹಿಸ್ಟರಿ’ ಅಂತ 1992ರ ಇಂಗ್ಲಿಷ್ ಕಾದಂಬರಿ ಉಂಟು. ಅದರ ಶುರುವಿನ ಪುಟಗಳಲ್ಲೇ ಸತ್ತದ್ದು ಯಾರು, ಅದರಲ್ಲಿ ಹೇಳುವವನೂ ಸೇರಿದ್ದಾನೆ ಅಂತ ಹೇಳಿ ಮುಗ್ಸಿದ್ದಾರೆ. ‘ಯಾರು’ ಅನ್ನೋದು ಅಲ್ಲಿಗೇ ಸತ್ತುಹೋಗ್ತದೆ, ಉಳಿಯೋದು ‘ಹೇಗೆ ಈ ಗತಿಗೆ ಬಂದ್ರು’ ಅನ್ನೋದು. ನಮ್ಮ ಮಾಷ್ಟ್ರಿಗೆ ಬೇಕಾದದ್ದೂ ಅದೇ ಪ್ರಶ್ನೆ. ಅಂಜಿಕೊಂಡೇ ಹೇಳಿದೆ, ಮಾಷ್ಟ್ರೇ ಸೀನು ಹಾಗೇ ಇರ್ಲಿ, ಸತ್ತವ ತಮ್ಮ ಅಂತ ಅಲ್ಲೇ ಹೇಳಿಬಿಡಿ, ಗುಡ್ಡ ಕುಸಿದದ್ದು ಅಂತಲೂ ಹೇಳಿ. ಎರಡು ದಿನ ಬಿಟ್ಟು ಬಂದ್ರು. ಹೊಸ ಕೊನೆ ಸಾಲು: ತಮ್ಮ ಒಳಗಿದ್ದ, ಹಗ್ಗದ ತುದಿ ಅಣ್ಣನ ಕೈಯಲ್ಲಿತ್ತು, ಇಬ್ಬರೂ ಮಾತಾಡದೆ ಏಳು ವರ್ಷ ಆಗಿತ್ತು.

ಈ ಮೂರು ತುಂಡು ಸಾಲಿಗೆ ನಾನು ತಲೆಬಾಗಿದೆ. ಈಗ ಪಿಕ್ಕಾಸು ಬಂದ್ರೆ ಅದು ಆಯುಧ ಅಂತ ಅನಿಸೋದಿಲ್ಲ, ಸರ್ವೆ ನಂಬ್ರದ ಜಗಳ ಬಂದ್ರೆ ಓಹೋ ಮಾತು ನಿಂತದ್ದು ಇಲ್ಲಿಂದ ಅಂತ ಅನಿಸ್ತದೆ. ಒಳಗಿನ ಅಧ್ಯಾಯದಲ್ಲಿ ‘ಒಳಗೆ ಹೋಗು’ ಅನ್ನೋ ಆ ಮಾತನ್ನು ಅಣ್ಣ ಪಕ್ಕದ ಮನೆ ಹುಡುಗನ ಮೂಲಕ ಹೇಳಿಕಳಿಸುವ ಹಾಗೆ ತಿದ್ದಿದ್ರು, ಅಷ್ಟು ಸಾಕಾಯ್ತು. ‘ಪೀಠಿಕೆ’ ಅನ್ನೋ ಹೆಡ್ಡಿಂಗು ತೆಗ್ದು ಕತೆಯ ಫೈಲಿಗೇ ಸೇರಿಸಿದೆ, ‘ಸುರಂಗದ ಬಾಯಿ’ ಅಂತ ಹೆಸರಿಟ್ಟು. ಪೀಠಿಕೆ ಅಂದ್ರೆ ಮುನ್ನುಡಿಯ ತಮ್ಮ ಅಂತ ತಿಳ್ಕೊಂಡು ಹಾರಿಸಿ ಓದುವವರು ಬೇಕಷ್ಟು ಜನ, ನಾನೇ ಫೈಲು ತಪ್ಪಿದವ ಅಲ್ವಾ.

ಉಳಿದದ್ದು ಕಯ್ಯಾರರ ಸಾಲು. ಇದರಲ್ಲಿ ನಾನು ಸೋತೆ. ಕಾಸರಗೋಡಿನ ಕನ್ನಡದವರಿಗೆ ಆ ಸಾಲು ಕೇಳಿದ್ರೆ 1956ರ ನವೆಂಬರ್ 1, ಊರು ಕೇರಳಕ್ಕೆ ಹೋದದ್ದು, ಅದೇ ನೆನಪಾಗೋದು. ಕಾದಂಬರಿಯಲ್ಲಿ ಗಡಿ ವಿಷಯ ಹೆಚ್ಚುಕಮ್ಮಿ ಇಲ್ಲ. ಓದುವವ ಗಡಿಯ ಕತೆ ಅಂತ ಕಾದು ಕೂತ್ಕೊಳ್ತಾನೆ ಅಂತ ಹೇಳಿದೆ. ಕುವೆಂಪು 1967ರಲ್ಲಿ ‘ಮಲೆಗಳಲ್ಲಿ ಮದುಮಗಳು’ವಿನ ಮುಂದೆ ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಅಂತ ಹಾಕಿದ್ದಾರಲ್ಲ, ಅದನ್ನು ಓದಿ ಒಳಗೆ ಹೋದವ ನಾಯಕ ಯಾರು ಅಂತ ಹುಡುಕೋದೇ ಬಿಡ್ತಾನೆ, ಅಷ್ಟೊಂದು ಜನರ ನಡುವೆ ದಾರಿ ತಪ್ಪಿದ್ರೂ ಬೇಜಾರಿಲ್ಲ, ಹಾಗೆ ಓದುವ ರೀತಿ ಹೇಳುವ ಸಾಲು ಬೇಕು ಅಂದೆ. ಮಾಷ್ಟ್ರು ಕನ್ನಡಕ ತೆಗ್ದು ಒರೆಸಿ, ‘ಮನೆ ಅಂದ್ರೆ ಮನೆಯೇ, ಕೊನೆಗೆ ಗೊತ್ತಾಗ್ತದೆ’ ಅಂದ್ರು. ಅದೂ ಒಂದು ಲೆಕ್ಕ, ಪುಸ್ತಕ ಮುಗ್ಸಿ ತಿರುಗಿ ಮೊದಲ ಹಾಳೆ ನೋಡಿದ್ರೆ ಆ ಮನೆಗೆ ಬೇರೆ ಅರ್ಥ ಬರ್ತದೆ. ಆದ್ರೆ ಎಷ್ಟು ಜನ ತಿರುಗಿಸಿ ನೋಡ್ತಾರೆ?

ಸಾಲು ಅಲ್ಲೇ ಉಳೀತು. ಪುಸ್ತಕ ಬಂದ ಮೇಲೆ ಬದಿಯಡ್ಕ ಕಡೆಯ ಒಬ್ಬರು ಪ್ರೆಸ್ಸಿಗೆ ಬಂದವರು ಮಾತಿಗೆ ಸಿಕ್ಕಿದ್ರು, ಅರ್ಧ ಪುಸ್ತಕದವರೆಗೆ ಹೋರಾಟದ ಕತೆ ಈಗ ಬರ್ತದೆ ಈಗ ಬರ್ತದೆ ಅಂತ ಕಾದೆ, ಆಮೇಲೆ ಮರ್ತೇಹೋಯ್ತು, ನಮ್ಮ ಮನೆಯ ಪಾಲಿನದ್ದೇ ನೆನಪಾಗ್ತಾ ಇತ್ತು ಅಂದ್ರು. ಮಾಷ್ಟ್ರಿಗೆ ಫೋನ್ ಮಾಡಿ ಹೇಳಿದೆ. ನಗಾಡಿದ್ರು, ಗೆದ್ದೆ ಅಂತಲೂ ಹೇಳ್ಲಿಲ್ಲ, ಸೋತೆ ಅಂತಲೂ ಹೇಳ್ಲಿಲ್ಲ.