ಮೌಸ್ ನಿಂತರೂ ಬಣ್ಣ ನಿಲ್ಲಬಾರದು

ಗಾಂಧಿ ಬಜಾರಿನಿಂದ ತಂದ ಹಳದಿ ಸೇವಂತಿಗೆ ಕ್ಯಾಮೆರಾ ಮುಂದಿದೆ. ಮೌಸ್ ಬಾಣ ಇರುವ ಜಾಗದ ಬಣ್ಣವನ್ನು ಓಪನ್‌ಸಿವಿ ಲೈಬ್ರರಿ ಬಳಸಿದ ಪೈಥಾನ್ ಪ್ರೋಗ್ರಾಂ ಅಂಕಿಗಳಲ್ಲಿ ತೋರಿಸುತ್ತಿದೆ.

`setMouseCallback`ಗೆ ಕೊಟ್ಟ ಫಂಕ್ಷನ್ ಮೌಸ್ ಅಲುಗಿದಾಗ, ಗುಂಡಿ ಒತ್ತಿದಾಗ, ಬಿಟ್ಟಾಗ ಅಥವಾ ಚಕ್ರ ತಿರುಗಿಸಿದಾಗ ಮಾತ್ರ ಓಡುತ್ತದೆ. ಬಣ್ಣವನ್ನು ಅಲ್ಲೇ ಓದಿದರೆ, ಹೂವು ತೆಗೆದರೂ ಹಳೇ ಹಳದಿಯೇ ಉಳಿಯುತ್ತದೆ. ಅಲ್ಲಿ ಸುಮ್ನೆ `x`, `y` ಇಟ್ಟುಕೊಂಡರೆ ಸಾಕು. ಬಣ್ಣವನ್ನು ಲೂಪಿನೊಳಗೆ, ಪ್ರತಿ ಹೊಸ ಫ್ರೇಮಿನಿಂದ ಓದಬೇಕು. ಅದೂ ಫ್ರೇಮಿನ ಮೇಲೆ ಅಕ್ಷರ ಬರೆಯುವ ಮೊದಲೇ.

```
b, g, r = frame[y, x]
```

ಇಲ್ಲಿ `y` ಮೊದಲು, ಬಣ್ಣಗಳಲ್ಲಿ ನೀಲಿ ಮೊದಲು.

ಈಗ ಮೌಸ್ ಮುಟ್ಟದಿದ್ದರೂ ಅಂಕಿಗಳು ಬದಲಾಗುತ್ತಲೇ ಇವೆ. ಒಂದೇ ಹೂವಿನ ಹಳದಿ ಇಷ್ಟು ಚಂಚಲ ಅಂತ ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಅಲ್ವಾ? ಕಿಟಕಿಯಾಚೆ ಮೋಡ ಕವಿದರೆ ಮೂರೂ ಇಳಿಯುತ್ತವೆ. ಕ್ಯಾಮೆರಾ ತಾನಾಗಿ ಎಕ್ಸ್‌ಪೋಷರ್ ಜಾಸ್ತಿ ಮಾಡಿಕೊಂಡರೆ ಮತ್ತೆ ಏರುತ್ತವೆ.