ಅಕ್ಕನ ನೋಟ್‌ಬುಕ್ಕಿನ ಟಿಕ್

ಸಿಗಂದೂರಿಗೆ ಸೇತುವೆ ಆಗುವ ಮುಂಚಿನ ಮಾತು. ಹೊಳೆಬಾಗಿಲಲ್ಲಿ ಲಾಂಚ್ ಹತ್ತಿ ಶರಾವತಿ ಹಿನ್ನೀರು ದಾಟಿ ತುಮರಿ ಕಡೆಗೆ ಹೋಗಿದ್ದೆ. ಒಂದು ಸಂಸ್ಥೆಗಾಗಿ ನಾವು ಜಾನುವಾರು ಲಸಿಕೆಯ ಲೆಕ್ಕ ಇಡುವ ಆ್ಯಪ್ ಮಾಡಿದ್ದೆವು. ಅದನ್ನು ಬಳಸುವವರು ಊರೂರಲ್ಲಿ ಜಾನುವಾರುಗಳ ಆರೋಗ್ಯ ನೋಡಿಕೊಳ್ಳುವ ಪಶುಸಖಿಯರು. ಆ ಭಾಗದಿಂದ ಬರುವ ಲೆಕ್ಕ ಮಾತ್ರ ಯಾವಾಗಲೂ ಏರುಪೇರು. ಕೆಲವು ಮನೆ ಕಾಣುವುದೇ ಇಲ್ಲ, ಕೆಲವು ಹಸುಗಳು ನಾಲ್ಕೈದು ಸಲ ಕಾಣುತ್ತವೆ. ಬೆಂಗಳೂರಲ್ಲಿ ಕೂತು ಊಹೆ ಮಾಡಿ ಸಾಕಾಗಿತ್ತು. ನೋಡಿಯೇ ಬರೋಣ ಅಂತ ಹೊರಟೆ.

ಅಲ್ಲಿನ ಪಶುಸಖಿ ಅಕ್ಕನ ಜೊತೆ ಮೊದಲನೇ ಮನೆಯ ಕೊಟ್ಟಿಗೆಗೆ ಹೋದೆವು. ಗೌರಿ ಅಂತ ಒಂದು ಮಲೆನಾಡು ಗಿಡ್ಡ ತಳಿಯ ಹಸು. ಕಾಲುಬಾಯಿ ರೋಗದ ಲಸಿಕೆ ಆಗಿತ್ತು. ಅಕ್ಕ ಹಸುವಿನ ಕಿವಿ ಹಿಡಿದು ಗುರುತಿನ ಓಲೆಯ ನಂಬರ್ ಓದಿದರು. ಮೊಬೈಲ್ ತೆಗೆಯಲಿಲ್ಲ. ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಬರೆದುಕೊಂಡರು.

"ಆ್ಯಪಲ್ಲಿ ಹಾಕಲ್ವಾ ಅಕ್ಕ?"

"ಹಾಕ್ತೀನಿ ಸರ್. ಮೊದಲು ಇದರಲ್ಲಿ ಇರಲಿ. ಅದನ್ನ ಎಂತ ನಂಬೋದು?"

ಆಮೇಲೆ ಮೊಬೈಲಲ್ಲಿ ತುಂಬಿಸಿ 'ಸಲ್ಲಿಸಿ' ಒತ್ತಿದರು. ನೆಟ್‌ವರ್ಕ್ ಒಂದು ಕಡ್ಡಿ. ಚಕ್ರ ತಿರುಗಿತು, ತಿರುಗಿತು. ಅರ್ಧ ನಿಮಿಷ ಆದ ಮೇಲೆ 'ಮತ್ತೊಮ್ಮೆ ಪ್ರಯತ್ನಿಸಿ' ಅಂತ ಬಂತು. ಆ ವಾಕ್ಯ ಬರೆದವನು ನಾನೇ. ಅಕ್ಕ ಹೇಳಿದ ಮಾತು ಕೇಳುವವರು, ಮತ್ತೊಮ್ಮೆ ಒತ್ತಿದರು. ಹೀಗೆ ಐದು ಸಲ. ಐದನೆಯದಕ್ಕೆ ಹಸಿರು ಬಂತು. ಸಂಜೆ ಸಾಗರಕ್ಕೆ ವಾಪಸ್ ಬಂದು ಸರ್ವರ್ ನೋಡಿದರೆ ಗೌರಿ ಐದು ಸಲ ಕೂತಿದ್ದಾಳೆ.

ಆದದ್ದು ಇಷ್ಟೇ. ಪ್ರತಿ ಸಲವೂ ದಾಖಲೆ ಸರ್ವರಿಗೆ ತಲುಪಿತ್ತು. 'ತಲುಪಿತು' ಅನ್ನುವ ಉತ್ತರ ಮಾತ್ರ ಮೊದಲ ನಾಲ್ಕು ಸಲ ವಾಪಸ್ ಬರುವ ದಾರಿಯಲ್ಲಿ ಸತ್ತುಹೋಗಿತ್ತು. ಹೋದ ಕಾಗದ ಕಳೆಯಿತೋ, ಬರುವ ಉತ್ತರ ಕಳೆಯಿತೋ, ಫೋನಿಗೆ ಎರಡೂ ಒಂದೇ ತರಹ ಕಾಣುತ್ತದೆ. ಅದಕ್ಕೆ ಗೊತ್ತಾಗುವುದು ಉತ್ತರ ಬರಲಿಲ್ಲ ಅನ್ನುವುದಷ್ಟೇ. ಇನ್ನು ಲೆಕ್ಕದಲ್ಲಿ ಕಾಣದ ಮನೆಗಳ ಕಥೆಯೂ ಇದೇ ಚಕ್ರದ್ದು. ಅದು ತಿರುಗುವಾಗ ಫೋನ್ ಬಂದರೆ, ಆ್ಯಪನ್ನು ಆಂಡ್ರಾಯ್ಡ್ ಮುಚ್ಚಿಬಿಟ್ಟರೆ, ತುಂಬಿದ ಫಾರ್ಮ್ ಹೋಯಿತು. ಅದು ಎಲ್ಲೂ ಉಳಿದಿರಲೇ ಇಲ್ಲ, ಪರದೆ ಮೇಲೆ ಇತ್ತು ಅಷ್ಟೇ.

ಮಾರನೇ ದಿನ ಅಕ್ಕನ ನೋಟ್‌ಬುಕ್ ಕೇಳಿ ನೋಡಿದೆ. ಎಡಗಡೆ ಕ್ರಮಸಂಖ್ಯೆ, ಆಮೇಲೆ ಮನೆ, ಓಲೆ ನಂಬರ್, ಲಸಿಕೆ. ಬಲತುದಿಯಲ್ಲಿ ಕೆಂಪು ಪೆನ್ನಿನ ಟಿಕ್. ಆ್ಯಪಲ್ಲಿ ಹಸಿರು ಬಂದ ಮೇಲೆಯೇ ಟಿಕ್. ಟಿಕ್ ಇಲ್ಲದ ಸಾಲನ್ನು ಸಂಜೆ ಗುಡ್ಡದ ಮೇಲೆ, ಸಿಗ್ನಲ್ ಬರುವ ಕಡೆ ಕೂತು ಮತ್ತೆ ಹಾಕುತ್ತಾರೆ. ಹಾಳೆಯನ್ನು ಹರಿದು ಹಾಕುವುದಿಲ್ಲ. ನಾವು ಮೂರು ಜನ ಎಂಜಿನಿಯರುಗಳು ಸೇರಿ ಮಾಡದೇ ಬಿಟ್ಟದ್ದನ್ನು ಅಕ್ಕ ಎಂಟಾಣೆ ರೀಫಿಲ್ಲಿನಲ್ಲಿ ಮಾಡಿದ್ದರು.

ಎರಡನೇ ಆವೃತ್ತಿ ಆ ನೋಟ್‌ಬುಕ್ಕಿನ ನಕಲು. 'ಸಲ್ಲಿಸಿ' ತೆಗೆದು 'ಉಳಿಸಿ' ಇಟ್ಟೆವು. ಒತ್ತಿದ ತಕ್ಷಣ ದಾಖಲೆ ಫೋನಿನೊಳಗಿನ ಎಸ್‌ಕ್ಯೂಲೈಟ್ ಕೋಷ್ಟಕಕ್ಕೆ 'ಬಾಕಿ' ಅಂತ ಹೋಗುತ್ತದೆ. ನೆಟ್‌ವರ್ಕಿನ ಮುಖ ನೋಡುವುದೇ ಇಲ್ಲ. ಅರ್ಧ ತುಂಬಿದ ಫಾರ್ಮ್ ಕೂಡ ಒಂದೊಂದು ಅಂಕಣ ದಾಟಿದ ಹಾಗೆ ಉಳಿಯುತ್ತದೆ. ಕಳುಹಿಸುವ ಕೆಲಸ ಬೇರೆ, ಅದು ತೆರೆಮರೆಯಲ್ಲಿ ನಡೆಯುವಂಥದ್ದು.

ಕ್ರಮಸಂಖ್ಯೆಯ ವಿಷಯಕ್ಕೆ ಸ್ವಲ್ಪ ಜಗಳ ಆಯಿತು. ಓಲೆ ನಂಬರನ್ನೇ ಗುರುತಾಗಿ ಇಟ್ಟುಕೊಂಡರಾಯಿತಲ್ಲ ಅಂತ ಒಬ್ಬ ಗೆಳೆಯ ಅಂದ. ಆದರೆ ಎಳೆ ಕರುವಿಗೆ ಓಲೆ ಇರುವುದಿಲ್ಲ. ಒಂದೇ ಹಸುವಿಗೆ ಆರು ತಿಂಗಳಾದ ಮೇಲೆ ಮತ್ತೆ ಲಸಿಕೆ ಆದರೆ ಅದು ಬೇರೆ ದಾಖಲೆ. ಸರ್ವರ್ ನಂಬರ್ ಕೊಡಲಿ ಅಂದರೆ, ಸರ್ವರ್ ಸಿಗುವುದೇ ಸಂಜೆಗೆ. ಹಾಗಾಗಿ ದಾಖಲೆ ಹುಟ್ಟುವಾಗಲೇ ಫೋನೇ ಅದಕ್ಕೊಂದು ಯುಯುಐಡಿ, ಅಂದರೆ ಬೇರೆ ಯಾವ ದಾಖಲೆಗೂ ಬರದಂಥ ಗುರುತು ಕೊಡಬೇಕು. ಎಷ್ಟು ಸಲ ಕಳುಹಿಸಿದರೂ ಅದೇ ಗುರುತು. ಸರ್ವರ್ ಕಡೆ ಕೆಲಸ ಚಿಕ್ಕದು, ಆ ಗುರುತು ಆಗಲೇ ಇದ್ದರೆ ಸುಮ್ಮನಿರುವುದು:

```sql
INSERT INTO visits (id, tag_no, vaccine, done_on)
VALUES (:id, :tag_no, :vaccine, :done_on)
ON CONFLICT (id) DO NOTHING;
```

ಇಲ್ಲೂ ನಾನು ಎಡವಿದೆ. ಇರುವ ದಾಖಲೆ ಮತ್ತೆ ಬಂದರೆ 409, ಅಂದರೆ 'ಈಗಾಗಲೇ ಇದೆ' ಅಂತ ಉತ್ತರ ಕೊಡುವಂತೆ ಬರೆದಿದ್ದೆ. ಫೋನ್ ಅದನ್ನು ತಪ್ಪು ಅಂತ ಓದಿಕೊಂಡು ಬಾಕಿಯಲ್ಲೇ ಇಟ್ಟುಕೊಂಡಿತು. 'ಬಾಕಿ 3' ಅನ್ನುವುದು ಎರಡು ದಿನವಾದರೂ ಇಳಿಯಲಿಲ್ಲ ಅಂತ ಅಕ್ಕ ಫೋನ್ ಮಾಡಿದಾಗಲೇ ಗೊತ್ತಾಗಿದ್ದು. ಫೋನಿಗೆ ಬೇಕಾದದ್ದು 'ನನ್ನ ಹತ್ತಿರ ಇದೆ' ಅನ್ನುವ ಒಂದು ಮಾತು. ಈಗ ಬಂತೋ, ಆಗಲೇ ಬಂದಿತ್ತೋ ಅನ್ನುವುದು ಅದಕ್ಕೆ ಬೇಡ. ಎರಡಕ್ಕೂ 200, ಅಂದರೆ 'ಸರಿ' ಅನ್ನುವ ಉತ್ತರ ಕೊಟ್ಟೆವು. ಬಾಕಿ ಇಳಿಯಿತು.

ತೆರೆಮರೆಯಲ್ಲಿ ಕಳುಹಿಸಲು ಆಂಡ್ರಾಯ್ಡಿನ ವರ್ಕ್‌ಮ್ಯಾನೇಜರ್ ಇಟ್ಟೆವು. ಸಂಪರ್ಕ ಸಿಕ್ಕಾಗ ಓಡು ಅಂದರೆ ಓಡುತ್ತದೆ. ಆದರೆ ಪದೇ ಪದೇ ಓಡುವ ಕೆಲಸಕ್ಕೆ 15 ನಿಮಿಷಕ್ಕಿಂತ ಕಡಿಮೆ ಅಂತರ ಕೊಡಲು ಬರುವುದಿಲ್ಲ, ಕೆಲವು ಕಂಪನಿಗಳ ಫೋನು ಬ್ಯಾಟರಿ ಉಳಿಸುವ ಹೆಸರಲ್ಲಿ ಅದನ್ನೂ ಮಲಗಿಸಿಬಿಡುತ್ತದೆ. ಗುಡ್ಡದ ಮೇಲೆ ಹತ್ತು ನಿಮಿಷ ಕೂರುವವರಿಗೆ ಇದು ಸಾಲದು. ಅದಕ್ಕೇ ಆ್ಯಪ್ ತೆರೆದಾಗಲೆಲ್ಲ ಒಂದು ಪ್ರಯತ್ನ, ಜೊತೆಗೆ 'ಈಗ ಕಳುಹಿಸಿ' ಅಂತ ಒಂದು ಗುಂಡಿ. ಗುಂಡಿ ಬೇಡ, ಎಲ್ಲ ತಾನೇ ಆಗಬೇಕು ಅಂತ ನಮ್ಮ ಡಿಸೈನರ್ ಹಟ ಹಿಡಿದಿದ್ದ. ಗುಡ್ಡ ಹತ್ತಿದವರ ಕೈಗೆ ಒತ್ತಲು ಏನಾದರೂ ಬೇಕು ಅನ್ನುವುದು ನನ್ನ ವಾದ.

ದೊಡ್ಡ ಪೆಟ್ಟು ಬಿದ್ದಿದ್ದು ಬೇರೆ ಕಡೆಯಿಂದ. ಪಕ್ಕದ ಊರಿನ ಇನ್ನೊಬ್ಬ ಪಶುಸಖಿಗೆ ಮೇಲ್ವಿಚಾರಕರು "ಸ್ಲೋ ಆಗಿದ್ಯಾ? ಲಾಗೌಟ್ ಮಾಡಿ ಮತ್ತೆ ಬನ್ನಿ" ಅಂದಿದ್ದಾರೆ. ಅವರು ಹಾಗೇ ಮಾಡಿದ್ದಾರೆ. ಲಾಗೌಟ್ ಆದಾಗ ಫೋನಿನ ಕೋಷ್ಟಕ ಅಳಿಸಬೇಕು ಅಂತ ನಾನೇ ಬರೆದಿದ್ದೆ. ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಕಾಣಬಾರದಲ್ಲ, ಅದಕ್ಕೆ. ಕಳುಹಿಸದ 31 ದಾಖಲೆ ಹೋದವು. ಅವರ ಹತ್ತಿರ ನೋಟ್‌ಬುಕ್ ಇರಲಿಲ್ಲ. ಆ್ಯಪ್ ಈಗ ಸರಿಯಾಗಿದೆ, ಬರೆಯುವುದು ಬೇಡ ಅಂತ ನಾವೇ ತರಬೇತಿಯಲ್ಲಿ ಹೇಳಿದ್ದೆವು. ಆ 31 ಹಸುಗಳ ಮನೆಗೆ ಅವರು ಮತ್ತೆ ನಡೆದರು. ಈಗ ಬಾಕಿ ಇದ್ದರೆ ಲಾಗೌಟ್ ಆಗುವುದಿಲ್ಲ. ಸರ್ವರ್ 'ಇದೆ' ಅನ್ನುವವರೆಗೆ ಆ ಸಾಲನ್ನು ಅಳಿಸುವ ದಾರಿ ಆ್ಯಪಿನೊಳಗೆ ಎಲ್ಲೂ ಇಲ್ಲ. ಆ್ಯಪನ್ನೇ ಕಿತ್ತುಹಾಕಿದರೆ, ಫೋನು ಹೊಳೆಗೆ ಬಿದ್ದರೆ, ಅದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಮೂರನೇ ಸಲ ಹೋದಾಗ ವಾಪಸ್ ಬರುವ ಲಾಂಚಿನಲ್ಲಿ ಅಕ್ಕನೂ ಇದ್ದರು, ಸಾಗರದಲ್ಲಿ ಏನೋ ಕೆಲಸ ಅಂತ. ಹಿಂದಿನ ದಿನ ಎಲ್ಲೂ ಸಿಗ್ನಲ್ ಸಿಕ್ಕಿರಲಿಲ್ಲ. 'ಬಾಕಿ 23'. ಹೊಳೆಬಾಗಿಲಿನ ದಡ ಹತ್ತಿರ ಬರುತ್ತಿದ್ದಂತೆ ಎಲ್ಲರ ಫೋನೂ ಟಿಣ್ ಟಿಣ್ ಅನ್ನತೊಡಗಿತು. ಅಕ್ಕನ ಪರದೆ ಮೇಲೆ 19, 12, 6 ಆಗಿ 1ಕ್ಕೆ ನಿಂತಿತು. ನನ್ನ ಎದೆ ಡವ ಡವ.

ಆ ಒಂದು ಸಾಲು ಕೆಂಪಾಗಿತ್ತು. ಮುಟ್ಟಿ ನೋಡಿದರೆ ಓಲೆ ನಂಬರಿನಲ್ಲಿ 11 ಅಂಕಿ. ಇರಬೇಕಾದ್ದು 12. ಸರ್ವರ್ ಅದನ್ನು ಬದಿಗಿಟ್ಟು ಉಳಿದದ್ದನ್ನು ತೆಗೆದುಕೊಂಡಿತ್ತು. ಒಂದು ಹೋದ ಮೇಲೆಯೇ ಇನ್ನೊಂದು ಅಂತ ಬರೆದಿದ್ದರೆ ಇದೊಂದೇ ದಾರಿಗೆ ಅಡ್ಡ ಮಲಗಿ, ಹಿಂದಿನದ್ದೆಲ್ಲ ನಿಲ್ಲುತ್ತಿತ್ತು. ಆದರೂ ಅಂಕಿ ಎಣಿಸುವ ಕೆಲಸ ಕೊಟ್ಟಿಗೆಯಲ್ಲೇ ಆಗಬೇಕಿತ್ತು, ಅಲ್ವಾ? ಈಗ ಹಸು ಹೊಳೆಯ ಆಚೆ ದಡದಲ್ಲಿದೆ.

"ಅಕ್ಕ, ಇದಕ್ಕೆ ಎಂತ ಮಾಡದು?"

ಅಕ್ಕ ಚೀಲಕ್ಕೆ ಕೈ ಹಾಕಿ ನೋಟ್‌ಬುಕ್ ತೆಗೆದರು.