ಉಳಿದದ್ದು −1, ಬಿಟ್ಟದ್ದು 5

ಬದಿಯಡ್ಕದಲ್ಲಿ ಟ್ಯೂಷನ್ ಕೊಡುವ ನನಗೆ ಕತ್ತಲಾದ ಮೇಲಿನ ಕೆಲಸವೆಲ್ಲ ವಾಟ್ಸಾಪಿನಲ್ಲೇ. ಪ್ಲಸ್ ಟು ಮಕ್ಕಳು ಎಂಟ್ರೆನ್ಸ್ ಗೈಡಿನ ಲೆಕ್ಕ ಬಿಡಿಸಿ ಫೋಟೊ ಕಳಿಸುತ್ತಾರೆ. ಮೊನ್ನೆ ಪೆರ್ಲದ ಹುಡುಗನೊಬ್ಬನ ಫೋಟೊದಲ್ಲಿ ಇದ್ದದ್ದು ಇಷ್ಟು:

```
log₂(x² − 4x + 3) = 3
x² − 4x − 5 = 0
x = 5, x = −1
```

ಜೊತೆಗೆ ಪ್ರಶ್ನೆ: "ಗೈಡಿನಲ್ಲಿ ಉತ್ತರ −1 ಅಂತ ಉಂಟು ಮಾಷ್ಟ್ರೇ. ಮೈನಸ್ ಅಲ್ವಾ ಬಿಡಬೇಕಾದದ್ದು? ಪ್ರಿಂಟ್ ತಪ್ಪಾ?"

ಫೋಟೊದ ಮೊದಲ ಸಾಲಿಗೆ ಎರಡನ್ನೂ ಹಾಕಿ ನೋಡಿದೆ. 5 ಹಾಕಿದರೆ 25 − 20 + 3, ಅಂದರೆ 8. −1 ಹಾಕಿದರೆ 1 + 4 + 3, ಅದೂ 8. log₂8 = 3 ಆದ್ದರಿಂದ ಈ ಸಾಲಿಗೆ ಎರಡೂ ಸರಿ, ಯಾವುದನ್ನೂ ಬಿಡುವ ಹಾಗಿಲ್ಲ. ಹಾಗಾದರೆ ಗೈಡಿನ ಲೆಕ್ಕ ಬೇರೆಯೇ ಇರಬೇಕು. ಫೋಟೊ ಶುರುವಾದದ್ದೇ ಅವನ ಕೈಬರಹದಿಂದ. "ಪುಸ್ತಕದ ಪುಟದ್ದೇ ಫೋಟೊ ಹಾಕು ಮಾರಾಯ" ಅಂದೆ. ಬಂತು:

```
log₂(1 − x) + log₂(3 − x) = 3
```

ಕಥೆ ಇರುವುದು ಇಲ್ಲೇ. ಲಾಗ್‌ನ ಒಳಗೆ ಇರುವುದು ಸೊನ್ನೆಗಿಂತ ದೊಡ್ಡದಾಗಿರಲೇಬೇಕು. 1 − x > 0 ಆಗಬೇಕಾದರೆ x < 1. 3 − x > 0 ಆಗಲು x < 3. ಎರಡೂ ಒಟ್ಟಿಗೆ ನಡೆಯುವುದು x < 1 ಇದ್ದಾಗ ಮಾತ್ರ. 5 ಅಲ್ಲಿಗೇ ಹೊರಗೆ. −1 ಹಾಕಿದರೆ log₂2 + log₂4, ಅಂದರೆ 1 + 2 = 3, ಸರಿಯಾಗಿ ಕೂತಿತು. ಬಿಡಬೇಕಾದದ್ದು ಮೈನಸ್ ಉತ್ತರವನ್ನಲ್ಲ, ಲಾಗ್‌ನ ಒಳಗನ್ನು ಮೈನಸ್ ಮಾಡುವ ಉತ್ತರವನ್ನು. ಹೆಚ್ಚಿನ ಲೆಕ್ಕಗಳಲ್ಲಿ ಎರಡೂ ಒಂದೇ ಆಗಿಬಿಡುವುದರಿಂದ ಮಕ್ಕಳಿಗೆ ಈ ತಪ್ಪು ಅಭ್ಯಾಸ ಅಂಟಿಕೊಳ್ಳುತ್ತದೆ.

ಅವನ ಬೀಜಗಣಿತದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಹಾಗಾದರೆ 5 ಎಲ್ಲಿಂದ ಬಂತು? 5 ಹಾಕಿದರೆ ಒಳಗೆ −4 ಮತ್ತು −2 ಬರುತ್ತವೆ. ಎರಡಕ್ಕೂ ಲಾಗ್ ಇಲ್ಲ, ಆದರೆ ಗುಣಿಸಿದರೆ 8! ಎರಡು ಲಾಗ್‌ಗಳನ್ನು ಒಂದು ಮಾಡಿದ ಕ್ಷಣ ಮೈನಸ್‌ಗಳು ಒಂದನ್ನೊಂದು ಮುಚ್ಚಿಹಾಕಿದವು. ಒಂದು ಮಾಡುವ ಸೂತ್ರ ನಡೆಯುವುದು ಎರಡೂ ಧನಸಂಖ್ಯೆಯಾಗಿದ್ದಾಗ ಮಾತ್ರ. ಆ ಷರತ್ತನ್ನು ಬರೆದಿಡದೆ ಮುಂದೆ ಹೋದರೆ ಕೆಳಗಿನ ಯಾವ ಸಾಲೂ ಅದನ್ನು ನೆನಪಿಸುವುದಿಲ್ಲ.

ಅದಕ್ಕೇ ಈಗ ನಾನು ಪುಸ್ತಕದ ಸಾಲು ಕಾಣದ ಫೋಟೊ ಬಂದರೆ ಉತ್ತರ ಹೇಳುವುದಿಲ್ಲ. ಬಂದದ್ದನ್ನೂ ದೊಡ್ಡದು ಮಾಡಿ ಬ್ರಾಕೆಟ್ ನೋಡುತ್ತೇನೆ: log₂(1 − x) ಎಂಬುದರ ಬ್ರಾಕೆಟ್ ಮಸುಕಾದರೆ log₂1 − x ಆಗಿ, ಬರೀ −x ಉಳಿಯುತ್ತದೆ. ಸುಲಭಗೊಳಿಸುವ ಮೊದಲೇ ಅಂಚಿನಲ್ಲಿ x < 1 ಅಂತ ಬರೆಯಲು ಹೇಳುತ್ತೇನೆ.

ಇದರ ತಿರುಗುಮುರುಗೂ ಉಂಟು. log₂(x²) = 4 ಎಂಬುದಕ್ಕೆ 4, −4 ಎರಡೂ ಉತ್ತರ. ಅದನ್ನು 2log₂x = 4 ಅಂತ ಬರೆದರೆ −4 ಸದ್ದಿಲ್ಲದೆ ಕಳೆದುಹೋಗುತ್ತದೆ. ಹೆಚ್ಚು ಬಂದ ಉತ್ತರವಾದರೆ ತಾಳೆ ನೋಡುವಾಗ ಸಿಕ್ಕಿಬೀಳುತ್ತದೆ, ಹೀಗೆ ಕಳೆದದ್ದು ತಾಳೆಗೂ ಸಿಗುವುದಿಲ್ಲ.